20 ಪಂಪ್‌ಗಳಿಗೆ ಬೇರಿಂಗ್ ಎಷ್ಟು ಸೆಟ್? ಲೆಕ್ಕ ಸರಿಹೋದ ಬಗೆ

ಎಲ್ಲ ಪಂಪ್ ವೈಫಲ್ಯಗಳನ್ನು ಎಷ್ಟು ಗಂಟೆಗೆ ಎಷ್ಟು ಕೆಟ್ಟವು ಎಂದು ತೋರಿಸುವ ಒಂದೇ ವೈಬುಲ್ ಪ್ಲಾಟ್‌ಗೆ ಹಾಕಿದಾಗ, ವಯಸ್ಸಾದಂತೆ ಕೆಡುವ ದರ ಏರುತ್ತದೋ ಇಳಿಯುತ್ತದೋ ಹೇಳುವ ಬೀಟಾ ಸುಮಾರು 1 ಬಂತು. ಅಂದರೆ ವಯಸ್ಸಿಗೂ ಕೆಡುವುದಕ್ಕೂ ಸಂಬಂಧವಿಲ್ಲ. ಅದನ್ನು ನಂಬಿ ಸರಾಸರಿ ಲೆಕ್ಕದಲ್ಲಿ ಬಿಡಿಭಾಗ ತರಿಸಿದ್ದೇ ತಪ್ಪು.

ಸೀಲ್ ಮತ್ತು ಬೇರಿಂಗ್ ದಾಖಲೆಗಳನ್ನು ಬೇರ್ಪಡಿಸಿ, ಇನ್ನೂ ಓಡುತ್ತಿರುವವುಗಳ ಗಂಟೆಗಳನ್ನೂ ಸೇರಿಸಿದ ಮೇಲೆ ಚಿತ್ರ ಬದಲಾಯಿತು. (ಓಡುತ್ತಿರುವವನ್ನು ಬಿಟ್ಟರೆ ಆಯುಷ್ಯ ಕಡಿಮೆ ಕಾಣುತ್ತದೆ.) ಸೀಲ್‌ನ ಬೀಟಾ 0.6: ಕೆಡುವ ದರ ಮೊದಲು ಇಳಿದು ಕೊನೆಗೆ ಏರುವ ಬಾತ್‌ಟಬ್ ರೇಖೆಯ ಎಡ ಅಂಚು, ಕೂರಿಸಿದ ಹೊಸದರಲ್ಲೇ ಸೋರಿಕೆ. ಇದಕ್ಕೆ ಮದ್ದು ಶಾಫ್ಟ್ ಅಲೈನ್‌ಮೆಂಟ್. ಹೆಚ್ಚು ಸೀಲ್ ತುಂಬಿಡುವುದಲ್ಲ, ಅವಧಿಗೆ ಮುಂಚೆ ಬದಲಿಸುವುದಂತೂ ಅಲ್ಲವೇ ಅಲ್ಲ. ಬೇರಿಂಗ್‌ನ ಬೀಟಾ 3, ಸುಮಾರು ಶೇ 63 ಕೆಟ್ಟಿರುವ ವಯಸ್ಸು ಎನಿಸುವ ಈಟಾ 20,000 ಗಂಟೆ: ಬಲ ಅಂಚಿನ ಸವೆತ.

ಹಾಗಾಗಿ ಬೇರಿಂಗ್‌ನ ಈಗಿನ ವಯಸ್ಸು ಮುಖ್ಯ. 12,000 ಗಂಟೆ ಓಡಿದ್ದು ಮುಂದಿನ 6,000 ಗಂಟೆಯಲ್ಲಿ ಕೆಡುವ ಸಾಧ್ಯತೆ:

```
1 - exp(-((18000/20000)^3 - (12000/20000)^3)) = 0.40
```

ಹೊಸದಕ್ಕೆ ಅದೇ ಅವಧಿಯಲ್ಲಿ 0.027 ಮಾತ್ರ. ಅಂಥ ಹಳೆಯವು 10, ಹೊಸವು 10 ಇದ್ದುದರಿಂದ ನಿರೀಕ್ಷೆ 4.3 ಸೆಟ್. ಆದರೆ 4 ಇಟ್ಟರೆ ಸಾಲದು, ಅದು ಸರಾಸರಿಯಷ್ಟೆ. ಬೈನಾಮಿಯಲ್ ಲೆಕ್ಕದಲ್ಲಿ 6 ಸೆಟ್‌ಗೆ ಸುಮಾರು ಶೇ 91, 7ಕ್ಕೆ ಸುಮಾರು ಶೇ 97 ಭರವಸೆ. 7 ತರಿಸಿದೆವು. ಬೇರಿಂಗ್ ಬದಲಾದ ಪಂಪ್‌ನ ಗಂಟೆ ಸೊನ್ನೆಯಿಂದ ಶುರು, ಆದ್ದರಿಂದ ಪ್ರತಿ 6,000 ಗಂಟೆಗೆ ಲೆಕ್ಕ ಮತ್ತೆ ಹಾಕಬೇಕು.