ಕ್ಯಾಂಪ್ ಖಾಲಿಯಾದ ಮೇಲೆ: ಬಾಲ್ಡರ್ಸ್ ಗೇಟ್ 3 ಮುಗಿಸಿದವರು ಮುಂದೇನು ಆಡಬೇಕು?

ನನ್ನ ಚಿಕ್ಕಮ್ಮನ ಮಗ ಬಾಲ್ಡರ್ಸ್ ಗೇಟ್ 3 ಮುಗಿಸಿದ್ದು ಒಂದು ಭಾನುವಾರ ರಾತ್ರಿ. ಮೂರು ತಿಂಗಳಲ್ಲಿ 130 ಗಂಟೆ ಆಡಿದ್ದ. ಮರುದಿನವೇ ಅದಕ್ಕಿಂತ ದೊಡ್ಡದು ಬೇಕು ಅಂತ ‘ಪಾಥ್‌ಫೈಂಡರ್: ರಾತ್ ಆಫ್ ದಿ ರೈಟಿಯಸ್’ ಕೊಂಡ. ಬುಧವಾರ ನನಗೆ ಫೋನ್ ಮಾಡಿದ. “ಅಣ್ಣಾ, ಗೇಮ್ ಚೆನ್ನಾಗೇ ಇದೆ. ಆದ್ರೆ ಇದರಲ್ಲಿರೋರು ಯಾರೂ ನನಗೆ ಗೊತ್ತಿಲ್ಲ ಅನ್ಸುತ್ತೆ. ಆಡೋಕೆ ಕೂತ್ರೆ ಬೇಜಾರಾಗುತ್ತೆ” ಅಂದ.

ಈ ಮಾತನ್ನು ಬಹಳ ಜನರಿಂದ ಕೇಳಿದ್ದೇನೆ. 2023ರ ಆಗಸ್ಟ್‌ನಲ್ಲಿ ಬಂದ ಬಾಲ್ಡರ್ಸ್ ಗೇಟ್ 3ರಲ್ಲಿ ದಿನದ ಕೊನೆಗೆ ಕ್ಯಾಂಪ್‌ಗೆ ಹೋಗಿ ಮಲಗಬೇಕು. ಅಲ್ಲಿ ನಿಮ್ಮ ಜೊತೆಗಾರರಾದ ಆಸ್ಟೇರಿಯನ್, ಶ್ಯಾಡೋಹಾರ್ಟ್, ಕಾರ್ಲಾಕ್ ಎಲ್ಲರೂ ಕಾಯುತ್ತಿರುತ್ತಾರೆ. ಬೆಳಗ್ಗೆ ನೀವು ತೆಗೆದುಕೊಂಡ ನಿರ್ಧಾರದ ಬಗ್ಗೆ ರಾತ್ರಿ ಮಾತಾಡುತ್ತಾರೆ. ಮೂರು ತಿಂಗಳು ಹೀಗೆ ನಡೆದ ಮೇಲೆ ಒಂದು ದಿನ ಕ್ಯಾಂಪ್ ಇಲ್ಲ ಅಂದರೆ ಮನಸ್ಸಿಗೆ ಏನೋ ತಪ್ಪಿದ ಹಾಗೆ ಆಗುವುದು ಸಹಜ. ಹಾಗಾಗಿ ಮುಂದಿನ ಗೇಮ್ ಹುಡುಕುವಾಗ ಅದರ ಗಾತ್ರ ನೋಡಬೇಡಿ. ನಿಮಗೆ ಯಾವುದು ತಪ್ಪಿಹೋಗಿದೆ ಅನ್ನುವುದನ್ನು ನೋಡಿ.

(ಕಥೆಯ ಕೊನೆಯ ಬಗ್ಗೆ ಸ್ವಲ್ಪ ಹೇಳಬೇಕಾಗಿದೆ. ಇನ್ನೂ ಮುಗಿಸದವರು ಮುಂದಿನ ಎರಡು ಪ್ಯಾರಾ ಬಿಟ್ಟು ಓದಿ.)

ಮೊದಲು, ನಿಜವಾಗಿ ಮುಗಿಸಿದ್ದೀರಾ ನೋಡಿ

ಗೇಮ್ ಬಂದಾಗ ಅದರ ಕೊನೆ ತುಂಬಾ ಅವಸರದ್ದಾಗಿತ್ತು. ದೊಡ್ಡ ಯುದ್ಧ ಮುಗಿಯುತ್ತದೆ, ಎರಡು ಮಾತು, ಅಷ್ಟೇ. 2023ರ ನವೆಂಬರ್ ಕೊನೆಯಲ್ಲಿ ಬಂದ ಐದನೇ ಪ್ಯಾಚ್ ಇದನ್ನು ಸರಿಮಾಡಿತು. ಕಥೆಯಲ್ಲಿ ಆ ಯುದ್ಧವಾಗಿ ಆರು ತಿಂಗಳ ನಂತರ ವಿದರ್ಸ್ ಎಲ್ಲರನ್ನೂ ಕ್ಯಾಂಪ್‌ಗೆ ಕರೆದು ಒಂದು ಔತಣ ಇಡುತ್ತಾನೆ. ಅದಕ್ಕಿಂತ ಮುಂಚೆ ಮುಗಿಸಿದವರು ಹಳೆಯ ಸೇವ್ ಇದ್ದರೆ ಕೊನೆಯ ಯುದ್ಧದ ಹಿಂದಕ್ಕೆ ಹೋಗಿ ಇದನ್ನು ಆಡಿಬಿಡಿ.

ಔತಣ ಆಡಿದವರಲ್ಲೂ ಬಹಳ ಜನ ಒಬ್ಬರಿಬ್ಬರ ಹತ್ತಿರ ಮಾತಾಡಿ ಹೊರಟುಬಿಡುತ್ತಾರೆ. ನಮ್ಮ ಹುಡುಗನೂ ಹಾಗೇ ಮಾಡಿದ್ದ. ಮತ್ತೆ ಹೋಗಿ ಒಬ್ಬೊಬ್ಬರನ್ನೂ ಮಾತಾಡಿಸು, ಅಲ್ಲಿರುವ ಪತ್ರಗಳನ್ನೆಲ್ಲ ಓದು ಅಂದೆ. ದಾರಿಯಲ್ಲಿ ಯಾರಿಗೋ ಸಹಾಯ ಮಾಡಿ ಮರೆತಿರುತ್ತೀರಿ. ಅಂಥವರು ಪತ್ರ ಬರೆದಿರುತ್ತಾರೆ. ಅವನಿಗೆ ಒಂದು ಗಂಟೆ ಬೇಕಾಯಿತು. ಎದ್ದಾಗ ಬೇಜಾರು ಇತ್ತು, ಆದರೆ ಅದು ಬೇರೆ ರೀತಿಯ ಬೇಜಾರು. ಬೀಳ್ಕೊಟ್ಟ ಹಾಗೆ ಇತ್ತು ಅಂದ.

ಎರಡನೆಯದು, ನಡುವೆ ಒಂದು ಚಿಕ್ಕ ಗೇಮ್

ಪಾಥ್‌ಫೈಂಡರ್ ಅವನಿಗೆ ಯಾಕೆ ಹಿಡಿಸಲಿಲ್ಲ? ಕೆಟ್ಟ ಗೇಮ್ ಅಂತಲ್ಲ. ಅವನು ಬಿಟ್ಟುಬಂದದ್ದು 12ನೇ ಲೆವೆಲ್. ಎಲ್ಲ ಮಂತ್ರಗಳೂ ಕೈಯಲ್ಲಿದ್ದವು, ಎಲ್ಲ ಜೊತೆಗಾರರ ಕಥೆಯೂ ಗೊತ್ತಿತ್ತು. ಇಲ್ಲಿ ಮತ್ತೆ ಒಂದನೇ ಲೆವೆಲ್, ಮತ್ತೆ ಅಪರಿಚಿತರು, ಅದರ ಮೇಲೆ ಬಹಳ ಜಾಸ್ತಿ ನಿಯಮಗಳು. ಹಳೆ ಗೇಮ್‌ನ ನೂರನೇ ಗಂಟೆಯನ್ನು ಹೊಸದರ ಎರಡನೇ ಗಂಟೆ ಜೊತೆ ತೂಗುತ್ತಿದ್ದ. ಬಾಲ್ಡರ್ಸ್ ಗೇಟ್‌ನ ಮೊದಲ ಗಂಟೆಯಲ್ಲಿ ಲೇಜೆಲ್ ಎಷ್ಟು ಒರಟಾಗಿ ಮಾತಾಡುತ್ತಾಳೆ ನೆನಪಿದೆ ಅಲ್ವಾ? ಆವತ್ತೇ ಅವಳ ಮೇಲೆ ಯಾರಿಗೂ ಪ್ರೀತಿ ಹುಟ್ಟಿರಲಿಲ್ಲ.

ಈ ತೂಗುವ ಚಾಳಿ ಹೋಗಬೇಕಾದರೆ ನಡುವೆ ತೀರಾ ಬೇರೆ ರುಚಿಯದೊಂದು ಬೇಕು. ನಾನು ಎಲ್ಲರಿಗೂ ಹೇಳುವುದು ‘ಎ ಶಾರ್ಟ್ ಹೈಕ್’. 2019ರದು, ಎರಡು ಗಂಟೆ ಸಾಕು. ಕ್ಲೇರ್ ಅನ್ನುವ ಪುಟ್ಟ ಹಕ್ಕಿ ಒಂದು ಫೋನ್ ಕರೆಗಾಗಿ ಕಾಯುತ್ತಿರುತ್ತಾಳೆ. ಸಿಗ್ನಲ್ ಸಿಗುವುದು ಬೆಟ್ಟದ ತುದಿಯಲ್ಲಿ ಮಾತ್ರ. ಚಿನ್ನದ ಗರಿ ಕೂಡಿಸುತ್ತಾ ಹತ್ತುವುದು, ದಾರಿಯಲ್ಲಿ ಸಿಕ್ಕವರ ಹತ್ತಿರ ಮಾತಾಡುವುದು, ಅಷ್ಟೇ. ಲೆವೆಲ್ ಇಲ್ಲ, ಯುದ್ಧ ಇಲ್ಲ. ಒಂದೇ ಸಂಜೆಯಲ್ಲಿ ಶುರುಮಾಡಿ ಮುಗಿಸಬಹುದು. ಮೂರು ತಿಂಗಳು ಒಂದೇ ಕಥೆಯಲ್ಲಿ ಇದ್ದವರಿಗೆ, ಒಂದು ಕಥೆ ಊಟಕ್ಕೆ ಮುಂಚೆ ಮುಗಿಯುವುದೇ ದೊಡ್ಡ ನಿರಾಳ.

ಮೂರನೆಯದು, ಏನು ತಪ್ಪಿದೆ ಅಂತ ಕಂಡುಕೊಳ್ಳುವುದು

ಇದಕ್ಕೆ ಒಂದು ಕಾಗದ ಸಾಕು. ಗೇಮ್ ಆಡದ ಸ್ನೇಹಿತರಿಗೆ ನೀವು ಹೇಳಬೇಕು ಅನ್ನಿಸುವ ಮೂರು ಘಟನೆ ಬರೆಯಿರಿ. ಯೋಚಿಸಬೇಡಿ, ಮೊದಲು ನೆನಪಾದದ್ದನ್ನೇ ಬರೆಯಿರಿ. ನಮ್ಮ ಹುಡುಗ ಬರೆದದ್ದು ಇದು: ಕಾರ್ಲಾಕ್ ಮೊದಲ ಸಲ ಯಾರನ್ನಾದರೂ ಮುಟ್ಟಲು ಸಾಧ್ಯವಾದದ್ದು. ಆಸ್ಟೇರಿಯನ್ ತನ್ನ ಬೆನ್ನಿನ ಗಾಯದ ಗುರುತಿನ ಬಗ್ಗೆ ಹೇಳಿದ್ದು. ಶ್ಯಾಡೋಹಾರ್ಟ್ ತನ್ನ ತಂದೆ ತಾಯಿಯನ್ನು ಕಂಡದ್ದು. ಮೂರರಲ್ಲಿ ಒಂದೂ ಯುದ್ಧವಲ್ಲ. ಅಂದರೆ ಅವನಿಗೆ ಬೇಕಾದದ್ದು ಜೊತೆಗಾರರು. ಅಂಥವನು ನಿಯಮಗಳ ಕಾಡಾಗಿರುವ ಗೇಮ್ ಕೊಂಡಿದ್ದ.

ನಿಮ್ಮ ಪಟ್ಟಿಯಲ್ಲಿ “ಎತ್ತರದಿಂದ ಬ್ಯಾರೆಲ್ ಎಸೆದು ಎಲ್ಲರನ್ನೂ ಸುಟ್ಟೆ” ಅನ್ನುವಂಥದ್ದು ಇದ್ದರೆ ನಿಮಗೆ ಬೇಕಾದದ್ದು ಯುದ್ಧದ ಲೆಕ್ಕಾಚಾರ. “ದಾಳ ಕೈಕೊಟ್ಟಿತು, ಆಮೇಲೆ ಕಥೆ ಎಲ್ಲಿಗೋ ಹೋಯಿತು” ಅನ್ನುವುದಿದ್ದರೆ ನಿಮ್ಮ ದಾರಿಯೇ ಬೇರೆ. ಪಟ್ಟಿಯಲ್ಲಿ ಎರಡು ಬಗೆ ಬೆರೆತಿದ್ದರೆ ಮೊದಲು ಬರೆದದ್ದನ್ನು ನಂಬಿ.

ಜೊತೆಗಾರರು ಬೇಕಾದವರಿಗೆ

‘ಡ್ರ್ಯಾಗನ್ ಏಜ್: ಒರಿಜಿನ್ಸ್’. 2009ರದು, ಬಯೋವೇರ್ ಮಾಡಿದ್ದು. 1998ರ ಮೊದಲ ಬಾಲ್ಡರ್ಸ್ ಗೇಟ್ ಮಾಡಿದ್ದೂ ಇವರೇ. ರಾತ್ರಿ ಕ್ಯಾಂಪ್‌ನಲ್ಲಿ ಬೆಂಕಿಯ ಸುತ್ತ ಜೊತೆಗಾರರನ್ನು ಮಾತಾಡಿಸುವ ಸುಖ ಇಲ್ಲಿ ಹಾಗೇ ಇದೆ. ಆಲಿಸ್ಟರ್ ಅನ್ನುವ ಜೊತೆಗಾರ ಚಿಕ್ಕವನಿದ್ದಾಗ ಸಿಟ್ಟಿನಲ್ಲಿ ತಾಯಿಯ ತಾಯಿತವನ್ನು ಗೋಡೆಗೆ ಎಸೆದು ಒಡೆದಿರುತ್ತಾನೆ. ಅದನ್ನು ಯಾರೋ ಜೋಡಿಸಿ ಇಟ್ಟಿರುತ್ತಾರೆ. ರೆಡ್‌ಕ್ಲಿಫ್ ಕೋಟೆಯ ಒಂದು ಮೇಜು ತಡಕಿದರೆ ನಿಮಗೆ ಸಿಗುತ್ತದೆ. ಅವನಿಗೆ ಕೊಟ್ಟು ನೋಡಿ, ಅವನು ಏನು ಹೇಳುತ್ತಾನೆ ಅಂತ. ಈ ಗೇಮ್‌ನಲ್ಲಿ ಉಡುಗೊರೆಗಳ ಬೆಲೆ ಅಂಕದಲ್ಲಿ ಮಾತ್ರ ಇಲ್ಲ, ಕೆಲವು ಹೀಗೆ ಹೊಸ ಮಾತಿಗೆ ದಾರಿ ಮಾಡುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಸ್ಟೀಮ್‌ನಲ್ಲಿ ಕೊಂಡ ಗೇಮನ್ನು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ವಾಪಸ್ ಮಾಡಬಹುದು. ಹಾಗಾಗಿ ಎರಡು ಗಂಟೆ ಆಡಿ ತೀರ್ಮಾನ ಮಾಡುವ ಅಭ್ಯಾಸ ಎಲ್ಲರಿಗೂ ಇದೆ. ಈ ಗೇಮ್‌ಗೆ ಆ ಲೆಕ್ಕ ಸರಿಹೋಗುವುದಿಲ್ಲ. ಆರು ಬಗೆಯ ಆರಂಭಗಳಲ್ಲಿ ಒಂದನ್ನು ಆಡಿ, ಆಸ್ಟಗಾರ್ ಯುದ್ಧ ದಾಟಿ, ಲೋದರಿಂಗ್ ಅನ್ನುವ ಹಳ್ಳಿ ಬಿಟ್ಟ ಮೇಲೆ ಕ್ಯಾಂಪ್ ತೆರೆದುಕೊಳ್ಳುತ್ತದೆ. ನಿಧಾನಕ್ಕೆ ಆಡಿದರೆ ಐದಾರು ಗಂಟೆ ಬೇಕು. ಕ್ಯಾಂಪ್‌ನಲ್ಲಿ ಎರಡು ರಾತ್ರಿ ಕಳೆದ ಮೇಲೆ ತೀರ್ಮಾನ ಮಾಡಿ. ಅಷ್ಟಾದರೂ ಯಾರ ಹತ್ತಿರವೂ ಮಾತಾಡಬೇಕು ಅನ್ನಿಸದಿದ್ದರೆ ಈ ಗೇಮ್ ನಿಮಗಲ್ಲ, ಬಿಟ್ಟುಬಿಡಿ.

ಯುದ್ಧ ಇಲ್ಲಿ ಸರದಿಯದ್ದಲ್ಲ, ನೇರವಾಗಿ ನಡೆಯುತ್ತದೆ. ಸ್ಪೇಸ್‌ಬಾರ್ ಒತ್ತಿ ನಿಲ್ಲಿಸಿ ಆಜ್ಞೆ ಕೊಡಬಹುದು. ಬಾಲ್ಡರ್ಸ್ ಗೇಟ್ ಕೈಗೆ ಇದು ಮೊದಲು ಗಲಿಬಿಲಿ. ಕಥೆಗಾಗಿ ಬಂದವರು ಸೆಟ್ಟಿಂಗ್ಸ್‌ನಲ್ಲಿ ಸುಲಭದ ಮಟ್ಟಕ್ಕೆ ಇಳಿಸಿಕೊಳ್ಳಿ, ಯಾವಾಗ ಬೇಕಾದರೂ ಬದಲಿಸಬಹುದು. ಮಂತ್ರವಾದಿಗಳ ಗೋಪುರದಲ್ಲಿ ‘ಫೇಡ್’ ಅನ್ನುವ ಕನಸಿನ ಲೋಕ ಬರುತ್ತದೆ. ಅಲ್ಲಿ ಜೊತೆಗಾರರಿಲ್ಲದೆ ಒಬ್ಬರೇ ಬಹಳ ಹೊತ್ತು ಅಲೆಯಬೇಕು. ಹೆಚ್ಚು ಜನ ಗೇಮ್ ಬಿಡುವುದು ಅಲ್ಲೇ ಅನ್ನುವುದು ನನ್ನ ಅನುಭವ. ಬೇಜಾರಾಗಿರುವ ದಿನ ಆ ಗೋಪುರಕ್ಕೆ ಹೋಗಬೇಡಿ.

ಹಳೆಯ ಗೇಮ್ ಆದ್ದರಿಂದ ಈಗಿನ ಕಂಪ್ಯೂಟರ್‌ನಲ್ಲಿ ಒಂದೆರಡು ಗಂಟೆ ಆಡಿದ ಮೇಲೆ ಸುಮ್ನೆ ಮುಚ್ಚಿಹೋಗಬಹುದು. ಅದರಲ್ಲೂ ಡೆನೆರಿಮ್ ನಗರದಲ್ಲಿ. ಇದು 32 ಬಿಟ್ ಪ್ರೋಗ್ರಾಂ, ಹಾಗಾಗಿ ಇದಕ್ಕೆ ಸಿಗುವ ಮೆಮೊರಿ ಕಡಿಮೆ. ಆಟಗಾರರು ಇದಕ್ಕೆ ‘4 ಜಿಬಿ ಪ್ಯಾಚ್’ ಅನ್ನುವುದನ್ನು ಬಳಸುತ್ತಾರೆ. ಮೊದಲು DAOrigins.exe ಫೈಲ್‌ನ ಒಂದು ಪ್ರತಿ ಬೇರೆ ಕಡೆ ಇಟ್ಟುಕೊಂಡು, ಆಮೇಲೆ ಮೂಲ ಫೈಲ್‌ಗೆ ಪ್ಯಾಚ್ ಹಾಕಿ. ಆಗಲೂ ಪ್ರತಿ ಅರ್ಧ ಗಂಟೆಗೆ ಸೇವ್ ಮಾಡುವುದು ಒಳ್ಳೆಯದು.

ಯುದ್ಧ ಬೇಕಾದವರಿಗೆ

ಬಾಲ್ಡರ್ಸ್ ಗೇಟ್ 3 ಮಾಡಿದ ಲೇರಿಯನ್ ಅವರದೇ 2017ರ ಗೇಮ್ ‘ಡಿವಿನಿಟಿ: ಒರಿಜಿನಲ್ ಸಿನ್ 2’ ಇದೆ. ನಾಲ್ಕು ಜನರ ತಂಡ, ಸರದಿಯ ಯುದ್ಧ, ಎಣ್ಣೆಗೆ ಬೆಂಕಿ, ನೀರಿಗೆ ಮಿಂಚು. ಎಲ್ಲ ಪರಿಚಿತ ಅನ್ನಿಸುತ್ತದೆ, ಅಲ್ಲೇ ತಪ್ಪುವುದು. ಇಲ್ಲಿ ಪ್ರತಿಯೊಬ್ಬರಿಗೂ ಎರಡು ರಕ್ಷಾಕವಚ, ಒಂದು ದೇಹದ್ದು, ಒಂದು ಮಾಯೆಯದು. ದೇಹದ ಕವಚ ಮುಗಿಯುವವರೆಗೆ ಶತ್ರುವನ್ನು ಕೆಡವಲು ಆಗುವುದಿಲ್ಲ. ಮಾಯೆಯದು ಮುಗಿಯುವವರೆಗೆ ಹೆಪ್ಪುಗಟ್ಟಿಸಲು ಆಗುವುದಿಲ್ಲ. ತಂಡದಲ್ಲಿ ಇಬ್ಬರು ಕತ್ತಿ, ಇಬ್ಬರು ಮಂತ್ರ ಅಂತ ಹಂಚಿಕೊಂಡರೆ ಎರಡು ಕವಚವೂ ಅರ್ಧರ್ಧ ಉಳಿಯುತ್ತವೆ. ಶುರುವಿನ ಫೋರ್ಟ್ ಜಾಯ್‌ನಲ್ಲಿ ಪದೇ ಪದೇ ಸಾಯುತ್ತಿದ್ದರೆ ಕಾರಣ ಹೆಚ್ಚಾಗಿ ಇದೇ. ಮೂವರಾದರೂ ಒಂದೇ ಬಗೆಯ ಹೊಡೆತ ಕೊಡುವ ಹಾಗೆ ತಂಡ ಕಟ್ಟಿ.

ಇನ್ನೊಂದು ಮಾತು. ಬಾಲ್ಡರ್ಸ್ ಗೇಟ್‌ನಲ್ಲಿ ಕರೆದುಕೊಂಡು ಹೋಗದವರು ಕ್ಯಾಂಪ್‌ನಲ್ಲಿ ಕಾಯುತ್ತಾರೆ. ಇಲ್ಲಿ ಮೊದಲ ಭಾಗ ಮುಗಿದು ಹಡಗು ಹೊರಟ ಮೇಲೆ, ತಂಡದಲ್ಲಿ ಇಲ್ಲದವರು ಮತ್ತೆ ಸಿಗುವುದಿಲ್ಲ. ಹಡಗು ಹತ್ತುವ ಮುಂಚೆ ಯಾರು ಬೇಕು ಅಂತ ಯೋಚಿಸಿಕೊಳ್ಳಿ.

ದಾಳದ ಆಟ ಬೇಕಾದವರಿಗೆ

‘ಡಿಸ್ಕೋ ಎಲೀಸಿಯಂ’, 2019. ಮಾಂತ್ರಿಕರಿಲ್ಲ, ಡ್ರ್ಯಾಗನ್ ಇಲ್ಲ. ನೆನಪು ಕಳೆದುಕೊಂಡ ಒಬ್ಬ ಪೊಲೀಸ್ ಪತ್ತೇದಾರ, ಒಂದು ಬಡ ಬಂದರು ಪ್ರದೇಶ, ಒಂದು ಕೊಲೆ. ಎಲ್ಲ ನಿರ್ಧಾರವೂ ಮಾತು ಮತ್ತು ಎರಡು ದಾಳದ ಮೇಲೆ. ಬಿಳಿ ಪರೀಕ್ಷೆಯಲ್ಲಿ ಸೋತರೆ ಆ ಕೌಶಲ ಹೆಚ್ಚಿಸಿಕೊಂಡು ಮತ್ತೆ ಪ್ರಯತ್ನಿಸಬಹುದು, ಕೆಂಪು ಪರೀಕ್ಷೆಗೆ ಒಂದೇ ಅವಕಾಶ. ಸೋತ ಕೂಡಲೇ ಹಳೆ ಸೇವ್‌ಗೆ ಹೋಗಬೇಡಿ. ಇಲ್ಲಿ ಸೋಲಿಗೂ ಪೂರ್ತಿ ದೃಶ್ಯ ಬರೆದಿದ್ದಾರೆ, ಎಷ್ಟೋ ಸಲ ಗೆಲುವಿಗಿಂತ ಚೆನ್ನಾಗಿ. ಇಂಗ್ಲಿಷ್ ಓದು ಮಾತ್ರ ಬಹಳ ಜಾಸ್ತಿ, ಭಾಷೆಯೂ ಸುಲಭದ್ದಲ್ಲ. 2021ರ ‘ಫೈನಲ್ ಕಟ್’ ಆವೃತ್ತಿಯಲ್ಲಿ ಎಲ್ಲ ಪಾತ್ರಗಳಿಗೂ ದನಿ ಇದೆ. ಕೇಳುತ್ತಾ ಓದಿದರೆ ಹಿಡಿತ ಸಿಗುತ್ತದೆ.

ಮತ್ತೆ ಅದನ್ನೇ ಆಡಬೇಕು ಅನ್ನಿಸಿದರೆ

ಆಡಿ, ಆದರೆ ಆರು ತಿಂಗಳು ಬಿಟ್ಟು. ಮುಗಿಸಿದ ವಾರವೇ ಶುರುಮಾಡಿದರೆ ಎಲ್ಲ ಮಾತೂ ಬಾಯಿಪಾಠ ಇರುತ್ತದೆ, ಮೊದಲ ಭಾಗ ದಾಟುವ ಮುಂಚೆ ಕೈ ಸೋಲುತ್ತದೆ. ಎರಡನೇ ಸಲಕ್ಕೆ ‘ಡಾರ್ಕ್ ಅರ್ಜ್’ ಆರಿಸಿಕೊಳ್ಳಿ. ತಲೆಯಲ್ಲಿ ಕೊಲ್ಲುವ ತುಡಿತ ಇಟ್ಟುಕೊಂಡ ಪಾತ್ರ ಅದು. ಅದರ ಹಿನ್ನೆಲೆ ಮುಖ್ಯ ಕಥೆಗೇ ಅಂಟಿಕೊಂಡಿರುವುದರಿಂದ ಮೊದಲ ಸಲ ಕಾಣದ ದೃಶ್ಯಗಳು ಸಿಗುತ್ತವೆ. ರೂಪ, ಕುಲ, ವೃತ್ತಿ ಎಲ್ಲವನ್ನೂ ಬದಲಿಸಿಕೊಳ್ಳಬಹುದು.

ನಮ್ಮ ಹುಡುಗ ಈಗ ಡ್ರ್ಯಾಗನ್ ಏಜ್‌ನಲ್ಲಿ ರೆಡ್‌ಕ್ಲಿಫ್ ತಲುಪಿದ್ದಾನೆ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಬಂತು: “ಅಣ್ಣಾ, ತಾಯಿತ ಸಿಕ್ತು. ಕ್ಯಾಂಪ್‌ಗೆ ಹೋಗ್ತಿದೀನಿ.”