ಹನ್ನೊಂದು ದಿನ ಮುಂದಕ್ಕೆ ಹೋದ ಲೆಕ್ಕ

ಸಿಎ ಇಂಟರ್ ಮೊದಲ ಗ್ರೂಪ್‌ಗೆ ಮೊದಲ ಸಲ ಕೂತಾಗ ನನಗೆ ಬಂದದ್ದು ಇಷ್ಟು: ಅಡ್ವಾನ್ಸ್ಡ್ ಅಕೌಂಟಿಂಗ್ 36, ಲಾ 58, ಟ್ಯಾಕ್ಸ್ 47. ಪಾಸಾಗಲು ಪ್ರತಿ ಪೇಪರಿನಲ್ಲೂ 40 ಬೇಕು, ಮೂರೂ ಸೇರಿ 150 ಆಗಬೇಕು. ನನಗೆ ಎರಡೂ ಆಗಲಿಲ್ಲ. ಎರಡು ದಿನ ಮನೆಯಲ್ಲಿ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ದಿನಾ ಓದಿನ ಲಿಸ್ಟ್ ಬರೆಯುತ್ತಿದ್ದ ಪುಸ್ತಕ ತೆಗೆದು ಕೂತೆ.

ಉಡುಪಿಯ ಸಂತೆಕಟ್ಟೆ ಕಡೆ ನಮ್ಮದೊಂದು ಸಣ್ಣ ದಿನಸಿ ಅಂಗಡಿ. ಸಾಲ ಬರೆಯಲು ಅಪ್ಪ ಇಟ್ಟುಕೊಂಡಿರುವ ಉದ್ದ ಪುಸ್ತಕದಂಥದ್ದೇ ಒಂದನ್ನು ನಾನೂ ಇಟ್ಟಿದ್ದೆ. ಬೆಳಿಗ್ಗೆ ಏಳೆಂಟು ಕೆಲಸ ಬರೆಯುವುದು, ಮುಗಿದದ್ದಕ್ಕೆ ಟಿಕ್ ಹಾಕುವುದು, ಉಳಿದದ್ದಕ್ಕೆ ಬಾಣದ ಗುರುತು ಹಾಕಿ ನಾಳೆಗೆ ಬರೆಯುವುದು. ಪುಟ ತಿರುಗಿಸಿದರೆ ದಿನಕ್ಕೆ ಐದಾರು ಟಿಕ್ ಇದ್ದೇ ಇದ್ದವು. ನೋಡಿದವರು ಒಳ್ಳೆ ಹುಡುಗಿ ಅನ್ನಬೇಕು, ಹಾಗಿತ್ತು. ಆದರೆ ಒಂದು ಗುಂಪಿನ ಕಂಪನಿಗಳ ಲೆಕ್ಕವನ್ನು ಒಟ್ಟು ಸೇರಿಸುವ ‘ಕನ್ಸಾಲಿಡೇಶನ್’ ಎಂಬ ಒಂದೇ ಸಾಲು ಸತತ ಹನ್ನೊಂದು ದಿನ ಬಾಣದ ಮೇಲೆ ಬಾಣ ಹಾಕಿಸಿಕೊಂಡು ಬಂದಿತ್ತು. ಅಪ್ಪ ಭುಜದ ಮೇಲಿಂದ ಬಗ್ಗಿ ನೋಡಿದರು. "ಈ ಗಿರಾಕಿ ಬಾಕಿ ಕೊಡುವ ಹಾಗೆ ಕಾಣುವುದಿಲ್ಲ ಮಗಾ" ಅಂದರು.

ನನ್ನ ಲಿಸ್ಟಿನ ತೊಂದರೆ ಅಲ್ಲೇ ಕಾಣುತ್ತಿತ್ತು. ಲಿಸ್ಟಿನಲ್ಲಿ ಎಲ್ಲ ಕೆಲಸಕ್ಕೂ ಒಂದೊಂದೇ ಸಾಲು. ಕಂಪನಿ ಕಾಯ್ದೆಯ ಸೆಕ್ಷನ್ 103 ಓದಲು ಹತ್ತು ನಿಮಿಷ ಸಾಕು. ಕನ್ಸಾಲಿಡೇಶನ್‌ನ ಒಂದು ಲೆಕ್ಕಕ್ಕೆ ಆಗ ನನಗೆ ಒಂದು ಗಂಟೆಗಿಂತ ಜಾಸ್ತಿ ಬೇಕಿತ್ತು. ಕಾಗದದ ಮೇಲೆ ಮಾತ್ರ ಎರಡೂ ಒಂದೇ ಉದ್ದ. ಎರಡಕ್ಕೂ ಸಿಗುವುದು ಒಂದೇ ಟಿಕ್. ಹಾಗಾಗಿ ಕೈ ತಾನಾಗಿ ಲಾ ಪುಸ್ತಕದ ಕಡೆ ಹೋಗುತ್ತಿತ್ತು. ಅಂಕಪಟ್ಟಿಯಲ್ಲಿ ಲಾಗೆ 58, ಅಕೌಂಟ್ಸ್‌ಗೆ 36 ಬಂದದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಇನ್ನೊಂದು ಮೋಸವೂ ಇತ್ತು. ಅದು ಗೊತ್ತಾದದ್ದು ಆಮೇಲೆ. ‘ಅಮಾಲ್ಗಮೇಶನ್ ನೋಡುವುದು’ ಎಂದು ಬರೆದು ಟಿಕ್ ಹಾಕಿದ ಪುಟಗಳಿದ್ದವು. ನೋಡಿದ್ದೆ, ನಿಜ. ಪುಸ್ತಕದಲ್ಲಿದ್ದ ಉತ್ತರವನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಿದ್ದೆ. ಉತ್ತರ ಮುಚ್ಚಿ ಒಂದಾದರೂ ಲೆಕ್ಕ ಪೂರ್ತಿ ಮಾಡಿದ್ದೆನಾ ಅಂದರೆ ಇಲ್ಲ.

ಸರಿ, ಲಿಸ್ಟ್ ಬೇಡ ಎಂದು ಟೈಮ್ ಬ್ಲಾಕಿಂಗ್ ಶುರು ಮಾಡಿದೆ. ಯಾವ ಹೊತ್ತಿಗೆ ಯಾವ ಕೆಲಸ ಎಂದು ಗಡಿಯಾರದ ಮೇಲೇ ಜಾಗ ಹಿಡಿದು ಇಡುವುದು. ಹೊಸ ಉಮೇದು ನೋಡಿ, ಬೆಳಿಗ್ಗೆ ಐದೂವರೆಯಿಂದ ರಾತ್ರಿ ಹತ್ತರವರೆಗೆ ಅರ್ಧರ್ಧ ಗಂಟೆಗೆ ಗೆರೆ ಎಳೆದು ಬಣ್ಣ ತುಂಬಿದೆ. ಸ್ನಾನಕ್ಕೂ ಒಂದು ಬಣ್ಣ. ಅಮ್ಮ ನೋಡಿ, "ಎಂತ ಮಾರಾಯ್ತಿ, ಊಟಕ್ಕೂ ಟೈಂ ಟೇಬಲ್ಲಾ?" ಅಂದರು. ಅದು ನಾಲ್ಕು ದಿನ ಬಾಳಿತು. ಮೊದಲ ದಿನವೇ ಒಂಬತ್ತು ಗಂಟೆಯ ಲೆಕ್ಕ ಒಂಬತ್ತೂವರೆಗೆ ಮುಗಿಯಲಿಲ್ಲ. ಅದು ಹತ್ತರ ಬ್ಲಾಕನ್ನು ತಿಂದಿತು, ಹತ್ತರದ್ದು ಹನ್ನೊಂದರದ್ದನ್ನು ತಿಂದಿತು. ಮಧ್ಯಾಹ್ನದ ಹೊತ್ತಿಗೆ ಚಾರ್ಟ್ ಒಂದು ಕಡೆ, ನಾನೊಂದು ಕಡೆ. ಇವತ್ತಿನ ದಿನ ಹೇಗೂ ಹಾಳಾಯಿತಲ್ಲ ಎಂದು ಮೊಬೈಲ್ ಹಿಡಿದು ಕೂತರೆ ಸಂಜೆ.

ಆಗ ಹತ್ತು ದಿನ ಒಂದು ಕೆಲಸ ಮಾಡಿದೆ. ಪ್ರತಿ ಕೆಲಸದ ಎದುರು ಎರಡು ಸಂಖ್ಯೆ: ಎಷ್ಟು ನಿಮಿಷ ಬೇಕಾದೀತು ಎಂದು ಮೊದಲೇ ಊಹಿಸಿದ್ದು, ನಿಜವಾಗಿ ಹಿಡಿದದ್ದು. ಲಾದಲ್ಲಿ 30 ಅಂದರೆ 35 ಆಗುತ್ತಿತ್ತು, ಅಷ್ಟೆ. ಅಕೌಂಟ್ಸ್‌ನಲ್ಲಿ 30 ಅಂದದ್ದು 50, 55ಕ್ಕೆ ಹೋಗುತ್ತಿತ್ತು. ಕೆಲಸಕ್ಕೆ ಹಿಡಿಯುವ ಸಮಯವನ್ನು ಜನ ಕಡಿಮೆಯೇ ಅಂದಾಜು ಮಾಡುತ್ತಾರೆ. ಇದಕ್ಕೆ ಡೇನಿಯಲ್ ಕಾಹ್ನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲೇ ‘ಪ್ಲಾನಿಂಗ್ ಫ್ಯಾಲಸಿ’ ಎಂದು ಹೆಸರಿಟ್ಟಿದ್ದಾರೆ. ನನಗೆ ಉಪಯೋಗಕ್ಕೆ ಬಂದದ್ದು ಆ ಹೆಸರಿಗಿಂತ, ನನ್ನ ಅಂದಾಜು ಎಲ್ಲ ವಿಷಯದಲ್ಲೂ ಒಂದೇ ಥರ ತಪ್ಪುವುದಿಲ್ಲ ಎಂದು ಗೊತ್ತಾದದ್ದು. ಲಾಗೆ ನನ್ನ ಊಹೆಯನ್ನು ನಂಬಬಹುದು. ಅಕೌಂಟ್ಸ್‌ಗೆ ಎರಡರಿಂದ ಗುಣಿಸಬೇಕು.

ಎರಡನೇ ಪ್ರಯತ್ನ ಸೆಪ್ಟೆಂಬರಿನಲ್ಲಿತ್ತು. ಜೂನ್‌ನಿಂದ ನನ್ನ ದಿನದಲ್ಲಿ ಮೂರೇ ಬ್ಲಾಕ್, ಒಂದೊಂದು ಒಂದೂವರೆ ಗಂಟೆ. ಬೆಳಿಗ್ಗೆ ಆರರಿಂದ ಏಳೂವರೆ ಅಕೌಂಟ್ಸ್‌ನ ಹೊಸ ಪಾಠ. ಹತ್ತೂವರೆಯಿಂದ ಹನ್ನೆರಡು ಟ್ಯಾಕ್ಸ್. ಮಧ್ಯಾಹ್ನ ಎರಡರಿಂದ ಮೂರೂವರೆ, ಉತ್ತರ ಮುಚ್ಚಿ ಲೆಕ್ಕ ಮಾಡುವುದು. ಇಂಟರ್ ಪರೀಕ್ಷೆ ಎರಡರಿಂದ ಐದರವರೆಗೆ. ಆ ಹೊತ್ತಿಗೆ ಕುಚ್ಚಲಕ್ಕಿ ಅನ್ನ ಉಂಡು ನಿದ್ದೆ ತೂಗುವ ಅಭ್ಯಾಸ ನನಗೆ. ಅದನ್ನು ಬಿಡಿಸಲಿಕ್ಕೂ ಅದೇ ಹೊತ್ತು ಬೇಕಿತ್ತು. ಮೂರೂವರೆಯಿಂದ ಕಾಲು ಕಮ್ಮಿ ಐದರವರೆಗೆ ಏನೂ ಬರೆಯದೆ ಬಿಟ್ಟೆ. ಯಾವ ಬ್ಲಾಕ್ ಹೊರಗೆ ಚೆಲ್ಲಿತೋ ಅದು ಅಲ್ಲಿಗೆ. ಚೆಲ್ಲದಿದ್ದರೆ ಚಾ, ಅವಲಕ್ಕಿ, ಸುಮ್ನೆ ಕೂರುವುದು.

ಮಧ್ಯಾಹ್ನದ ಒಂದು ಬ್ಲಾಕ್ ಹೇಗಿತ್ತು ಎಂದು ಹೇಳುತ್ತೇನೆ. 14 ಅಂಕದ ಕನ್ಸಾಲಿಡೇಶನ್ ಲೆಕ್ಕ. ಪರೀಕ್ಷೆಯಲ್ಲಿ 100 ಅಂಕಕ್ಕೆ 180 ನಿಮಿಷ, ಅಂದರೆ ಇದಕ್ಕೆ ಸುಮಾರು 25 ನಿಮಿಷ. ದೊಡ್ಡ ಕಂಪನಿ ಸಣ್ಣ ಕಂಪನಿಯ ಶೇಕಡಾ 80 ಷೇರನ್ನು ಅಕ್ಟೋಬರ್ 1ಕ್ಕೆ ಕೊಂಡಿದೆ. ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಸಣ್ಣ ಕಂಪನಿಯ ಆ ವರ್ಷದ ಲಾಭ 1,20,000 ರೂಪಾಯಿ, ವರ್ಷವಿಡೀ ಸಮನಾಗಿ ಬಂದದ್ದು. ನಾನು ಸೀದಾ ಅದರ ಶೇಕಡಾ 80 ಹಿಡಿದು 96,000 ರೂಪಾಯಿಯನ್ನು ಗುಂಪಿನ ಲಾಭಕ್ಕೆ ಸೇರಿಸಿದೆ. ಬ್ಯಾಲೆನ್ಸ್ ಶೀಟ್ ಕೂಡಲಿಲ್ಲ. ಸಣ್ಣ ಕಂಪನಿಯ ನಿವ್ವಳ ಆಸ್ತಿಯ ಪಾಲಿಗಿಂತ ಹೆಚ್ಚು ಕೊಟ್ಟ ಬೆಲೆಗೆ ಗುಡ್‌ವಿಲ್ ಅನ್ನುತ್ತಾರೆ, ಅದರ ಲೆಕ್ಕವನ್ನು ಕೊಂಡ ದಿನದ ಅಂಕಿಯಿಂದಲೇ ಮಾಡಿದ್ದೆ, ಹಾಗಾಗಿ ಸರಿಯಾಗಿ 48,000 ರೂಪಾಯಿ ಎರಡು ಕಡೆ ಕೂತಿತ್ತು. ಮೊದಲಾದರೆ ಆಗಲೇ ಉತ್ತರ ನೋಡಿ ಟಿಕ್ ಹಾಕಿ ಎದ್ದುಬಿಡುತ್ತಿದ್ದೆ. ಆದರೆ ಗಡಿಯಾರದಲ್ಲಿ ಇನ್ನೂ ಎರಡೂ ಮುಕ್ಕಾಲು. ಮೂರೂವರೆವರೆಗೆ ಬೇರೆ ಕೆಲಸವೂ ಇಲ್ಲ. ಮತ್ತೆ ಮೊದಲಿನಿಂದ ನೋಡಿದೆ. ಸೆಪ್ಟೆಂಬರ್ ಕೊನೆವರೆಗಿನ 60,000 ಷೇರು ಕೊಳ್ಳುವ ಮೊದಲಿನ ಲಾಭ. ಅದರಲ್ಲಿ ನಮ್ಮ ಪಾಲು 48,000 ಗುಡ್‌ವಿಲ್ ಲೆಕ್ಕಕ್ಕೇ ಹೋಗಬೇಕು. ಆಮೇಲಿನ 60,000ದ ಪಾಲು 48,000 ಮಾತ್ರ ಗುಂಪಿನ ಲಾಭಕ್ಕೆ. ಉಳಿದ 24,000 ಬಾಕಿ ಶೇಕಡಾ 20 ಷೇರು ಇರುವವರದ್ದು, ಅಂದರೆ ಮೈನಾರಿಟಿ ಪಾಲು, ಅದಕ್ಕೆ ಮೊದಲು ಆಮೇಲೆ ಎಂಬ ಭೇದವಿಲ್ಲ. ತಪ್ಪು ನಾನೇ ಹಿಡಿದೆ. ಆ ಒಂದು ಲೆಕ್ಕಕ್ಕೆ ಹಿಡಿದದ್ದು 70 ನಿಮಿಷ. ಪರವಾಗಿಲ್ಲ, ಜಾಗ ಇತ್ತಲ್ಲ.

ಬ್ಲಾಕ್ ಇಂಥಾ ಕೆಲಸಕ್ಕೆ ಸರಿ. ತಪ್ಪು ಕೊನೆಯ ಸಾಲಿಗೆ ಬಂದ ಮೇಲೆ ಕಾಣುವ, ನಡುವೆ ಎದ್ದರೆ ಮತ್ತೆ ಮೊದಲಿನಿಂದ ಓದಬೇಕಾಗುವ, ಮನಸ್ಸು ದಿನಾ ಏನೋ ನೆಪ ಹೇಳುವ ಕೆಲಸಕ್ಕೆ. ಒಂದೇ ಎಚ್ಚರ: ಹೊತ್ತಾದಾಗ ಪೆನ್ ಇಡಬೇಕು, ಅಧ್ಯಾಯ ಮುಗಿಯಲಿ ಎಂದು ಎಳೆಯಬಾರದು. ಏಳುವ ಮೊದಲು ನಾನು ಪೆನ್ಸಿಲಿನಲ್ಲಿ ಒಂದು ಸಾಲು ಬರೆದಿಡುತ್ತಿದ್ದೆ, ‘ಮುಂದೆ: ಮೈನಾರಿಟಿ ಪಾಲು ಬಿಡಿಸಿ ಬರೆ’ ಅಂತ. ಮರುದಿನ ಎಲ್ಲಿಂದ ಶುರು ಮಾಡಲಿ ಎಂದು ಹುಡುಕುವ ಹತ್ತು ನಿಮಿಷ ಉಳಿಯುತ್ತಿತ್ತು.

ಸಂಜೆ ಐದರಿಂದ ಎಂಟೂವರೆ ನಾನು ಅಂಗಡಿಯಲ್ಲಿ. ಅಲ್ಲಿ ಬ್ಲಾಕ್ ಎಂಬ ಮಾತೇ ಇಲ್ಲ. ಒಬ್ಬರು ಸಕ್ಕರೆಗೆ ಬರುತ್ತಾರೆ, ಒಬ್ಬರು ಚಿಲ್ಲರೆಗೆ, ಒಬ್ಬರು ಬರೀ ಮಾತಿಗೆ. ಆಟಿ ತಿಂಗಳಲ್ಲಿ ಮದುವೆ ಮುಂಜಿ ಇಲ್ಲದೆ ವ್ಯಾಪಾರ ಕಮ್ಮಿ, ಆದರೂ ಸತತ ಇಪ್ಪತ್ತು ನಿಮಿಷ ಸಿಗುತ್ತದೆ ಎಂದು ಹೇಳಲಾಗದು. ಬಿಟ್ಟಿದ್ದ ಲಿಸ್ಟ್ ಇಲ್ಲಿಗೆ ವಾಪಸ್ ಬಂತು. ಈ ಸಲ ಲಾ ಮಾತ್ರ, ಸಾಲುಗಳೂ ಚಿಕ್ಕವು. ‘ಮೀಟಿಂಗ್‌ಗಳನ್ನು ಓದುವುದು’ ಅಲ್ಲ. ‘103: ಕೋರಂ ಸಂಖ್ಯೆ ನೋಡದೆ ಹೇಳು’. ಸಭೆ ನಡೆಯಲು ಕನಿಷ್ಠ ಇಷ್ಟು ಜನ ಹಾಜರಿರಬೇಕು: ಪಬ್ಲಿಕ್ ಕಂಪನಿಯಲ್ಲಿ ಸದಸ್ಯರು 1000ದವರೆಗಿದ್ದರೆ 5, 5000ದವರೆಗೆ 15, ಅದಕ್ಕೂ ಮೇಲೆ 30. ಬೆಲ್ಲ ತೂಗುತ್ತಾ ಬಾಯಲ್ಲಿ ಐದು, ಹದಿನೈದು, ಮೂವತ್ತು ಎನ್ನುತ್ತಿದ್ದೆ. ಒಬ್ಬರು ಅಜ್ಜಿ ಬೆಲ್ಲದ ಕ್ರಯ ಏರಿತಾ ಎಂದು ಗಾಬರಿಯಾದರು. ಗಿರಾಕಿ ಬಂದು ತಡೆದರೂ ಹಾಳಾಗುವುದು ಒಂದು ಸಾಲು, ಅರ್ಧ ನಿಮಿಷದಲ್ಲಿ ಮತ್ತೆ ಹಿಡಿಯಬಹುದು.

ಜುಲೈಯಲ್ಲಿ ಒಂದು ದಿನ ಗಾಳಿ ಮಳೆಗೆ ಮರದ ಗೆಲ್ಲು ತಂತಿಯ ಮೇಲೆ ಬಿತ್ತು. ಒಂಬತ್ತಕ್ಕೆ ಹೋದ ಕರೆಂಟ್ ನಾಲ್ಕಕ್ಕೆ ಬಂತು. ಲ್ಯಾಪ್‌ಟಾಪಿನ ಚಾರ್ಜ್ ಖಾಲಿ, ಅಂಗಳದಲ್ಲಿ ನೀರು, ಮನೆಗೆ ಬಂದ ಅತ್ತೆ ವಾಪಸ್ ಹೋಗಲಾಗದೆ ಉಳಿದರು. ಮೊದಲಾದರೆ ಆ ದಿನ ಸೊನ್ನೆ. ಅಷ್ಟರಲ್ಲಿ ನನಗೊಂದು ನಿಯಮ ಆಗಿತ್ತು: ಎರಡು ಬ್ಲಾಕ್ ಮುರಿದರೆ ಆ ದಿನದ ಚಾರ್ಟ್ ಮಡಚುವುದು, ಮೂರೇ ಸಾಲಿನ ಲಿಸ್ಟ್ ಬರೆಯುವುದು. ಜಿಎಸ್‌ಟಿಯ ಎರಡು ಪುಟ, ಒಂದು ಸೆಕ್ಷನ್, ಒಂದು ಸಣ್ಣ ಲೆಕ್ಕ. ಕಿಟಕಿ ಬದಿ ಕೂತು ಮೂರೂ ಮುಗಿಸಿದೆ. ವಾರದಲ್ಲಿ ಮೂರು ದಿನ ಹೀಗೇ ಆಗುತ್ತಿದ್ದರೆ ಮಾತ್ರ ಮಳೆಯ ಮೇಲೆ ಹಾಕಬಾರದು, ಚಾರ್ಟನ್ನೇ ಬದಲಿಸಬೇಕು. ನನ್ನ ಗೆಳತಿಯೊಬ್ಬಳು ಮಂಗಳೂರಿನಲ್ಲಿ ಆಫೀಸು ಮುಗಿಸಿ ಓದುತ್ತಾಳೆ. ಬಿಡುವ ಹೊತ್ತಿಗೆ ಗ್ಯಾರಂಟಿಯೇ ಇಲ್ಲ. ಅವಳು ಬೆಳಿಗ್ಗೆ ಒಂದೇ ಬ್ಲಾಕ್ ಇಟ್ಟುಕೊಂಡಿದ್ದಾಳೆ, ಉಳಿದದ್ದೆಲ್ಲ ಲಿಸ್ಟ್.

ಪರೀಕ್ಷೆಗೆ ಹನ್ನೆರಡು ದಿನ ಇರುವಾಗ ಬ್ಲಾಕ್‌ಗಳು ನನಗೇ ಅಡ್ಡ ಬಂದವು. ಕ್ಯಾಶ್ ಫ್ಲೋಗೆ ಒಂದೂವರೆ ಗಂಟೆ ಇಟ್ಟಿದ್ದೆ, ಇಪ್ಪತ್ತು ನಿಮಿಷದಲ್ಲಿ ಎಲ್ಲ ನೆನಪಿಗೆ ಬಂತು. ಆದರೂ ಬ್ಲಾಕ್ ಇದೆಯಲ್ಲ ಎಂದು ಗೊತ್ತಿದ್ದದ್ದನ್ನೇ ನುಣ್ಣಗೆ ಮಾಡುತ್ತಾ ಕೂತಿದ್ದೆ. ರಿವಿಷನ್‌ನಲ್ಲಿ ಯಾವುದು ಐದು ನಿಮಿಷ, ಯಾವುದು ನಲವತ್ತು ಎಂದು ಮೊದಲೇ ಹೇಳಲಾಗದು. ಅಲ್ಲಿಂದ ಇಡೀ ಗ್ರೂಪನ್ನು ಸಣ್ಣ ಸಣ್ಣ ಸಾಲು ಮಾಡಿ, ಎದುರಿಗೆ ‘ಬಂತು’, ‘ಬರಲಿಲ್ಲ’ ಎಂದು ಎರಡು ಕಾಲಂ ಹಾಕಿದೆ. ಬಂದದ್ದನ್ನು ಮತ್ತೆ ಮುಟ್ಟಲಿಲ್ಲ. ಮೂರು ದಿನಕ್ಕೊಮ್ಮೆ ಎರಡರಿಂದ ಐದರವರೆಗೆ ಪೂರ್ತಿ ಪೇಪರ್ ಬರೆಯುವ ಬ್ಲಾಕ್ ಒಂದನ್ನು ಮಾತ್ರ ಬಿಡಲಿಲ್ಲ.

ಅಕೌಂಟ್ಸ್ 61, ಲಾ 55, ಟ್ಯಾಕ್ಸ್ 52 ಬಂತು. ಲಾದಲ್ಲಿ ಮೂರು ಅಂಕ ಇಳಿದದ್ದು ಅಕ್ಕನ ಕಣ್ಣಿಗೆ ಮೊದಲು ಬಿತ್ತು, ಅಕ್ಕಂದಿರೇ ಹಾಗೆ. ಈಗ ಎರಡನೇ ಗ್ರೂಪ್ ಶುರುವಾಗಿದೆ. ಕಾಸ್ಟಿಂಗ್ ಬೆಳಿಗ್ಗೆ ಆರರ ಬ್ಲಾಕಿನಲ್ಲಿ, ಆಡಿಟ್ ಅಂಗಡಿಯ ಲಿಸ್ಟಿನಲ್ಲಿ. ಫೈನಾನ್ಶಿಯಲ್ ಮ್ಯಾನೇಜ್‌ಮೆಂಟ್ 50 ಅಂಕ, ಸ್ಟ್ರಾಟೆಜಿಕ್ 50 ಅಂಕ, ಎರಡೂ ಒಂದೇ ಪೇಪರ್. ಅದರ ಲೆಕ್ಕದ ಅರ್ಧಕ್ಕೆ ಮಧ್ಯಾಹ್ನ ಎರಡರ ಬ್ಲಾಕ್ ಕೊಟ್ಟಿದ್ದೇನೆ. ಥಿಯರಿಯ ಅರ್ಧವನ್ನು ಸದ್ಯ ಬೆಲ್ಲದ ಡಬ್ಬದ ಪಕ್ಕ ಇಟ್ಟು ನೋಡುತ್ತಿದ್ದೇನೆ.