ಆರ್ 1200 ಜಿಎಸ್ ಹಿಂದಿನ ಚಕ್ರದ ಗೇರ್ ಪೆಟ್ಟಿಗೆಯ ಆಯಿಲ್ ಸೋರಿಕೆ: ನನ್ನ ಅನುಭವ

ನನ್ನ ಬೈಕು 2010ರ ಬಿಎಂಡಬ್ಲ್ಯು ಆರ್ 1200 ಜಿಎಸ್. ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಇಳಿದು ಬಂದರೆ ಹಿಂದಿನ ಚಕ್ರದ ರಿಮ್ ಮೇಲೆ ಆಯಿಲ್ ಪಸೆ. ಪೇಟೆಯೊಳಗೆ ನಿಧಾನ ಓಡಿಸಿದರೆ ಏನೂ ಇಲ್ಲ.

ಮೊದಲು ಮಳೆನೀರು ಹೊಕ್ಕಿರಬಹುದೆಂದುಕೊಂಡೆ. ಆದರೆ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿರಲಿಲ್ಲ. ಸೀಲ್ ಬದಲಾಯಿಸಿದೆ, ಮತ್ತೆ ಸೋರಿತು. ದಪ್ಪ ಆಯಿಲ್ ಹಾಕಿದೆ, ಅದೂ ಸೋರಿತು.

ತಪ್ಪಿದ್ದದ್ದು ಅಳತೆಯಲ್ಲಿ. ಹಳೆ ಬೈಕುಗಳ ರೂಢಿಯಂತೆ ಆಯಿಲ್ ತುಂಬುವ ತೂತಿನ ಅಂಚಿನವರೆಗೆ ತುಂಬಿಸಿದ್ದೆವು. ಈ ಪೆಟ್ಟಿಗೆಗೆ ಬದಲಾಯಿಸುವಾಗ ಬೇಕಾದದ್ದು 180 ಮಿ.ಲೀ. ಮಾತ್ರ. ಹೆಚ್ಚಾದರೆ ಬಿಸಿಗೆ ಹಿಗ್ಗಿ, ಒಳಗಿನ ಒತ್ತಡ ಏರಿ, ಸೀಲ್ ದಾಟಿ ಹೊರಬರುತ್ತದೆ.

ಆಯಿಲ್ ಬದಲಾಯಿಸುವುದು ಹೀಗೆ: ಹತ್ತು ಕಿ.ಮೀ. ಓಡಿಸಿ ಬಿಸಿ ಮಾಡಿ, ಬೈಕನ್ನು ನೆಟ್ಟಗೆ ನಿಲ್ಲಿಸಿ. ತುಂಬುವ ಪ್ಲಗ್ ಮೊದಲು ಬಿಚ್ಚಿ. ಅದು ಕದಲದಿದ್ದರೆ ಕೆಳಗಿನದನ್ನು ಮುಟ್ಟಲೇಬೇಡಿ, ಖಾಲಿ ಮಾಡಿ ತುಂಬಿಸಲಾಗದೆ ಸಿಕ್ಕಿಬೀಳುತ್ತೀರಿ. ಆಮೇಲೆ ಕೆಳಗಿನ ಪ್ಲಗ್ ತೆಗೆದು ಪೂರ್ತಿ ಇಳಿಯಲು ಅರ್ಧ ಗಂಟೆ ಬಿಡಿ. ಪ್ಲಗ್‌ನ ಅಯಸ್ಕಾಂತದಲ್ಲಿ ಬೂದು ಬಣ್ಣದ ನುಣ್ಣನೆಯ ಕೆಸರಿದ್ದರೆ ಸಹಜ, ಲೋಹದ ಚೂರು ಕಂಡರೆ ಬೇರಿಂಗ್ ನೋಡಿಸಿ. ಹೊಸ ವಾಷರ್ ಹಾಕಿ ಕೆಳಗಿನ ಪ್ಲಗ್ ಅನ್ನು 20 ನ್ಯೂಟನ್ ಮೀಟರ್‌ಗೆ ಬಿಗಿಗೊಳಿಸಿ.

ಆಯಿಲ್: 75ಡಬ್ಲ್ಯು-90, ಜಿಎಲ್-5, ಸಿಂಥೆಟಿಕ್. 60 ಮಿ.ಲೀ. ಸಿರಿಂಜಿನಲ್ಲಿ ಮೂರು ಸಲ ಎಳೆದು ಹಾಕಿದರೆ ಲೆಕ್ಕ ಸರಿ. ತೂತಿನಲ್ಲಿ ಮಟ್ಟ ಕಾಣದಿದ್ದರೂ ಇನ್ನಷ್ಟು ಸೇರಿಸಬೇಡಿ.

ಬದಲಾಯಿಸುವ ಅವಧಿ 20,000 ಕಿ.ಮೀ. ಅಥವಾ ಎರಡು ವರ್ಷ. ನಮ್ಮ ಕರಾವಳಿಯ ಮಳೆಗಾಲಕ್ಕೆ ನಾನು 10,000ಕ್ಕೇ ಮಾಡುತ್ತೇನೆ. ಅಳತೆ ಸರಿಮಾಡಿದ ಮೇಲೆ ಮತ್ತೆರಡು ಬಾರಿ ಘಾಟಿ ಹತ್ತಿ ಇಳಿದರೂ ರಿಮ್ ಒಣಗಿಯೇ ಇದೆ.